ರಾತ್ರಿ ಬೊಗಳುವ ಕೆಮ್ಮು, ಉಸಿರೆಳೆದರೆ ಸದ್ದು: ಕೂಸಿಗೆ ಕ್ರೂಪ್ ಆದಾಗ ಉಗಿ ಬಿಟ್ಟು ಮಾಡಬೇಕಾದದ್ದು

ಸಂಜೆ ಆಡಿಕೊಂಡು, ರೊಟ್ಟಿ-ಹಾಲು ತಿಂದು ಮಲಗಿದ ಕೂಸು ರಾತ್ರಿ ಒಂದೂವರೆಗೆ ದಡಬಡಿಸಿ ಏಳುತ್ತದೆ. ಕೆಮ್ಮುತ್ತದೆ, ಆದರೆ ಅದು ದಿನವೂ ಕೇಳುವ ಕೆಮ್ಮಲ್ಲ. ಗೊಗ್ಗರು ದನಿಯಲ್ಲಿ ಮರಿನಾಯಿ ಬೊಗಳಿದ ಹಾಗಿರುತ್ತದೆ. ಅಳಲು ಹೋದರೆ ದನಿ ಕಟ್ಟಿಕೊಂಡಿರುತ್ತದೆ. ಅತ್ತು ಮುಗಿಸಿ ಉಸಿರು ಒಳಗೆ ಎಳೆದುಕೊಳ್ಳುವಾಗ, ಎಣ್ಣೆ ಕಾಣದ ಬಾವಿಯ ರಾಟೆ ತಿರುಗಿದಂತೆ ಒಂದು ಕರ್ಕಶ ಸದ್ದು ಬರುತ್ತದೆ. ಈ ಮೂರೂ ಕೂಡಿ ಬಂದರೆ, ಎರಡು ದಿನದಿಂದ ಮೂಗು ಸೋರುತ್ತಿದ್ದರೆ, ಕೂಸಿನ ವಯಸ್ಸು ಆರು ತಿಂಗಳಿಂದ ಮೂರು ವರ್ಷದೊಳಗಿದ್ದರೆ, ಅದು ಬಹುತೇಕ ಕ್ರೂಪ್ ಎಂಬ ಕಾಯಿಲೆ.

ಹೆಸರಿನ ಬಗ್ಗೆ ಮೊದಲೇ ಎಚ್ಚರ ಹೇಳಬೇಕು. ಕೆಮ್ಮು ಬೊಗಳಿದಂತಿದೆ ಎಂದು ನಮ್ಮಲ್ಲಿ ಹಲವರು ಇದನ್ನೇ ನಾಯಿಕೆಮ್ಮು ಎಂದುಬಿಡುತ್ತಾರೆ. ನಾಯಿಕೆಮ್ಮು ಬೇರೆ ಕಾಯಿಲೆ. ಅದು ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ, ವಾರಗಟ್ಟಲೆ ಎಳೆಯುತ್ತದೆ, ಉಸಿರು ನಿಲ್ಲುವಷ್ಟು ಒಂದೇ ಸಮನೆ ಕೆಮ್ಮಿಸಿ ಕೊನೆಗೆ ವಾಂತಿ ಮಾಡಿಸುತ್ತದೆ. ಕ್ರೂಪ್ ವೈರಸ್‌ನಿಂದ ಬರುತ್ತದೆ (ಹೆಚ್ಚಿನ ಸಲ ಪ್ಯಾರಾಇನ್‌ಫ್ಲುಯೆಂಜಾ ವೈರಸ್), ರಾತ್ರೋರಾತ್ರಿ ಕಾಣಿಸಿಕೊಂಡು ಎರಡು-ಮೂರು ದಿನದಲ್ಲಿ ಇಳಿಯುತ್ತದೆ. ದವಾಖಾನೆಯಲ್ಲಿ ನೀವು ‘ನಾಯಿಕೆಮ್ಮು’ ಎಂದರೆ ವೈದ್ಯರ ಯೋಚನೆ ಬೇರೆ ಕಡೆ ಹೋಗಬಹುದು. ಆದ್ದರಿಂದ ಕಾಯಿಲೆಯ ಹೆಸರು ಹೇಳುವ ಬದಲು ಸದ್ದನ್ನೇ ಹೇಳಿ. ಮೊಬೈಲಿನಲ್ಲಿ ಹತ್ತು-ಹದಿನೈದು ಸೆಕೆಂಡು ಆ ಸದ್ದು ಹಿಡಿದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಹಗಲು ದವಾಖಾನೆಗೆ ಹೋಗುವ ಹೊತ್ತಿಗೆ ಕೂಸು ನಗುತ್ತ ಕೂತಿರುತ್ತದೆ.

ಗಂಟಲೊಳಗೆ ಕಫವಲ್ಲ, ಬಾವು

ಉಗಿ, ಕಷಾಯ, ಕಫದ ಸಿರಪ್ ಯಾವುದೂ ಇಲ್ಲಿ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಒಂದೇ ಉತ್ತರ. ಕೂಸಿನ ಗಂಟಲಲ್ಲಿ ತೆಗೆಯಬೇಕಾದ ಗಟ್ಟಿ ಕಫ ಇಲ್ಲ. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳದ ಒಳಪದರ ಬಾತುಕೊಂಡಿದೆ. ಆ ಜಾಗದಲ್ಲಿ ಮೃದ್ವಸ್ಥಿಯ ಒಂದು ಪೂರ್ತಿ ಉಂಗುರ ಇರುತ್ತದೆ. ಒಳಪದರ ಬಾತಾಗ ಅದು ಹೊರಗೆ ಹಿಗ್ಗಲಾರದು, ಒಳಗೇ ಬೆಳೆಯಬೇಕು. ಎಳೆಗೂಸಿನಲ್ಲಿ ಅಲ್ಲಿನ ದಾರಿ ಸುಮಾರು 4 ಮಿಲಿಮೀಟರ್ ಅಗಲ. ಸುತ್ತಲೂ ಒಂದೇ ಮಿಲಿಮೀಟರ್ ಬಾತರೂ ಅಗಲ 2 ಮಿಲಿಮೀಟರ್‌ಗೆ ಇಳಿಯುತ್ತದೆ, ಗಾಳಿ ಹೋಗುವ ಜಾಗ ಕಾಲು ಭಾಗಕ್ಕೆ ಬರುತ್ತದೆ. ದೊಡ್ಡವರಿಗೆ ಅಷ್ಟೇ ಬಾವು ಬಂದರೆ ದನಿ ಕಟ್ಟುತ್ತದೆ, ಅಷ್ಟೆ. ಒಂದೇ ನೆಗಡಿ ಮನೆಯವರಿಗೆಲ್ಲ ಬಂದರೂ ಚಿಕ್ಕ ಕೂಸಿಗೆ ಮಾತ್ರ ಉಸಿರು ಕಟ್ಟುವುದು ಇದಕ್ಕೇ.

ಅಳುವಾಗ ಸದ್ದು ಜಾಸ್ತಿ ಆಗುವುದೂ ಇದರಿಂದಲೇ. ಕಿರಿದಾದ ದಾರಿಯಲ್ಲಿ ಗಾಳಿಯನ್ನು ಜೋರಾಗಿ ಎಳೆದಷ್ಟೂ ಅದು ಸುಳಿಸುಳಿಯಾಗುತ್ತದೆ, ಮೆತ್ತನೆಯ ಗೋಡೆ ಒಳಗೆ ಕುಸಿಯುತ್ತದೆ. ಕೂಸನ್ನು ಅಳಿಸದಿರುವುದು ಇಲ್ಲಿ ಬರೀ ಮುದ್ದಿನ ಮಾತಲ್ಲ, ಅದೇ ಮೊದಲ ಚಿಕಿತ್ಸೆ. ರಾತ್ರಿ ಹೊತ್ತಿಗೇ ಏಕೆ ಏರುತ್ತದೆ ಎಂದರೆ, ಬಾವು ತಡೆಯುವ ಕಾರ್ಟಿಸೋಲ್ ಎಂಬ ಹಾರ್ಮೋನು ನಮ್ಮ ಮೈಯಲ್ಲಿ ನಡುರಾತ್ರಿಯ ಆಸುಪಾಸು ತೀರ ಕಡಿಮೆ ಇರುವುದು ಒಂದು ಮುಖ್ಯ ಕಾರಣ. ದವಾಖಾನೆಯಲ್ಲಿ ಕೊಡುವ ಸ್ಟೆರಾಯ್ಡ್ ಔಷಧವೂ ಅದೇ ಜಾತಿಯದು.

ಒಂದು ಕೂಸನ್ನು ಮುಂದಿಟ್ಟುಕೊಂಡು ನೋಡೋಣ

ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ಒಂದು ಹಳ್ಳಿಯ ಮನೆ ಎಂದುಕೊಳ್ಳಿ. ಹದಿನೆಂಟು ತಿಂಗಳ ಕೂಸು, ತೂಕ 10 ಕಿಲೋ. ಎರಡು ದಿನದಿಂದ ನೆಗಡಿ, ಮೈ ಸ್ವಲ್ಪ ಬೆಚ್ಚಗೆ. ಒಂದೂವರೆಗೆ ಎದ್ದು ಬೊಗಳಿದಂತೆ ಕೆಮ್ಮಿತು. ಅಜ್ಜಿ ಎದ್ದು ಬಂದು, “ಕಫ ಕಟ್ಯಾದ ಕೂಸಿಗಿ. ನೀರ ಕಾಸವ್ವಾ, ಉಗಿ ಕೊಡು” ಎನ್ನುತ್ತಾರೆ. ಸೊಸೆ, “ಬ್ಯಾಡ್ರಿ ಅತ್ತಿ, ಮೊದಲ ಎದಿ ಹ್ಯಾಂಗ ಎಳಿಲಾಕತ್ತದ ನೋಡ್ರಿ” ಎನ್ನುತ್ತಾಳೆ. ಸೊಸೆಯದೇ ಸರಿ. ಮುಂದಿನ ಐದು ನಿಮಿಷದಲ್ಲಿ ಆ ಮನೆಯವರು ಮಾಡಬೇಕಾದದ್ದು ಇಷ್ಟು.

ಮೊದಲು, ಕೂಸಿಗೆ ಹೆಚ್ಚು ರೂಢಿ ಇರುವವರು, ಸಾಮಾನ್ಯವಾಗಿ ತಾಯಿ, ಅದನ್ನು ಎತ್ತಿಕೊಂಡು ನೆಟ್ಟಗೆ ಕೂರಬೇಕು. ಮಲಗಿಸಬಾರದು. ಕೂಸು ಯಾವ ಭಂಗಿಯಲ್ಲಿ ಆರಾಮಾಗಿ ಉಸಿರಾಡುತ್ತದೋ ಆ ಭಂಗಿಯಲ್ಲೇ ಬಿಡಿ, ನಿಮ್ಮ ಕಣ್ಣಿಗೆ ಸರಿ ಕಂಡ ಹಾಗೆ ಬಗ್ಗಿಸಬೇಡಿ. ಸುತ್ತ ನಿಂತವರು ಒಬ್ಬೊಬ್ಬರೇ ಹೊರಗೆ ಹೋಗಲಿ. ಹತ್ತು ಮುಖ ಕಂಡರೆ, ಹತ್ತು ಕೈ ಮುಟ್ಟಿದರೆ ಕೂಸು ಅಳುತ್ತದೆ. ಅತ್ತರೆ ದಾರಿ ಇನ್ನೂ ಕಿರಿದಾಗುತ್ತದೆ.

ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಎದೆ ಮತ್ತು ಹೊಟ್ಟೆ ಕಾಣುವ ಹಾಗೆ ಮಾಡಿ. ದೀಪ ಹಾಕಿ. ಕೂಸು ಅಳು ನಿಲ್ಲಿಸಿ ಹೆಗಲ ಮೇಲೆ ತಲೆ ಇಟ್ಟ ಮೇಲೆ, ಗಡಿಯಾರ ನೋಡಿಕೊಂಡು ಒಂದು ಪೂರ್ತಿ ನಿಮಿಷ ಸುಮ್ಮನೆ ಗಮನಿಸಿ. ನೋಡಬೇಕಾದದ್ದು ಎರಡೇ. ಉಸಿರು ಒಳಗೆ ಎಳೆಯುವಾಗ ಆ ಕರ್ಕಶ ಸದ್ದು ಸುಮ್ಮನಿದ್ದಾಗಲೂ ಬರುತ್ತಿದೆಯೇ? ಕೊರಳಿನ ಬುಡದ ಗುಳಿ, ಪಕ್ಕೆಲುಬುಗಳ ನಡುವಿನ ಚರ್ಮ, ಎದೆಮೂಳೆಯ ಕೆಳಗಿನ ಜಾಗ ಪ್ರತಿ ಉಸಿರಿಗೂ ಒಳಗೆ ಸೆಳೆಯುತ್ತಿವೆಯೇ?

ಇಡೀ ರಾತ್ರಿಯ ತೀರ್ಮಾನ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಕೆಮ್ಮಿನ ಸದ್ದು ಎಷ್ಟು ಭಯಂಕರವಾಗಿದೆ ಎಂಬುದರ ಮೇಲಲ್ಲ. ಜೋರಾಗಿ ಬೊಗಳಿದಂತೆ ಕೆಮ್ಮುವ ಕೂಸು ಆರಾಮಾಗಿರಬಹುದು. ಕೆಮ್ಮೇ ಇಲ್ಲದೆ ಎದೆ ಸೆಳೆಯುತ್ತಿರುವ ಕೂಸು ಅಪಾಯದಲ್ಲಿರಬಹುದು.

ಬರೀ ಕೆಮ್ಮು, ಸುಮ್ಮನಿದ್ದಾಗ ಉಸಿರು ನಿಶ್ಶಬ್ದ, ಸೆಳೆತ ಇಲ್ಲ, ನೀರು ಕೊಟ್ಟರೆ ಕುಡಿಯುತ್ತದೆ ಎಂದಾದರೆ ಇದು ಹಗುರ ಕ್ರೂಪ್. ರಾತ್ರಿ ಮನೆಯಲ್ಲೇ ಕಾಯಬಹುದು. ಬೆಳಗ್ಗೆ ಮಕ್ಕಳ ವೈದ್ಯರಿಗೆ ತೋರಿಸಿ. ಹಗುರ ಇದ್ದರೂ ತೋರಿಸಬೇಕು, ಏಕೆಂದರೆ ಒಂದೇ ಡೋಸ್ ಸ್ಟೆರಾಯ್ಡ್‌ನಿಂದ ಮುಂದಿನ ರಾತ್ರಿ ಸುಧಾರಿಸುತ್ತದೆ, ಮತ್ತು ಎರಡನೆಯ ರಾತ್ರಿ ಮೊದಲನೆಯದಕ್ಕಿಂತ ಜೋರಾಗುವುದು ಅಪರೂಪವೇನಲ್ಲ.

ಅತ್ತಾಗ ಅಥವಾ ಓಡಾಡಿದಾಗ ಮಾತ್ರ ಸದ್ದು, ಸುಮ್ಮನಾದ ಕೂಡಲೇ ಮಾಯ ಎಂದರೆ, ಎಚ್ಚರವಿದ್ದು ಅರ್ಧರ್ಧ ಗಂಟೆಗೊಮ್ಮೆ ಅದೇ ಒಂದು ನಿಮಿಷದ ಪರೀಕ್ಷೆ ಮಾಡಿ. ಆದರೆ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲಬುರಗಿ ಊರೊಳಗಿನ ಮನೆಯವರು ಕಾಯಬಹುದಾದಲ್ಲಿ, ಆಮ್ಲಜನಕ ಇರುವ ದವಾಖಾನೆಗೆ ಒಂದು ತಾಸಿಗಿಂತ ಹೆಚ್ಚು ದಾರಿ ಇರುವ ಹಳ್ಳಿಯವರು ಕಾಯಬಾರದು. ಸದ್ದು ಶುರುವಾದಾಗಲೇ ಹೊರಡುವುದು ಮೇಲು.

ಸುಮ್ಮನೆ ಕೂತಿರುವಾಗಲೂ ಸದ್ದು ಬರುತ್ತಿದ್ದರೆ ಅಥವಾ ಸೆಳೆತ ಕಂಡರೆ ಈಗಲೇ ಹೊರಡಿ. ಬೆಳಕು ಹರಿಯಲಿ ಎನ್ನಬೇಡಿ.

ನಮ್ಮ ಕೂಸಿಗೆ ಹೆಗಲ ಮೇಲೆ ಸುಮ್ಮನಿದ್ದಾಗಲೂ ರಾಟೆಯ ಸದ್ದು ಬರುತ್ತಿತ್ತು, ಕೊರಳ ಗುಳಿ ಒಳಗೆ ಹೋಗುತ್ತಿತ್ತು ಎಂದುಕೊಳ್ಳೋಣ. ಅಂದರೆ ಮನೆಯ ಕೆಲಸ ಮುಗಿಯಿತು, ವಾಹನ ಹುಡುಕಬೇಕು.

ಸದ್ದು ಕಡಿಮೆಯಾದರೆ ಸುಧಾರಿಸಿತು ಎಂದಲ್ಲ

ಅನುಭವ ಇರುವವರೂ ಮೋಸ ಹೋಗುವ ಜಾಗ ಇದು. ಸದ್ದು ಬರಬೇಕಾದರೆ ಗಾಳಿ ಓಡಬೇಕು. ಗಂಟೆಗಟ್ಟಲೆ ಎಳೆದೆಳೆದು ಕೂಸು ದಣಿದಾಗ ಒಳಗೆ ಹೋಗುವ ಗಾಳಿಯೇ ಕಡಿಮೆಯಾಗುತ್ತದೆ, ಆಗ ಸದ್ದೂ ಇಳಿಯುತ್ತದೆ. ಮನೆಯವರು ‘ಹಾಂ, ನಿದ್ದಿ ಹತ್ತಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಸುಧಾರಣೆಯಲ್ಲಿ ಸದ್ದಿನ ಜೊತೆಗೆ ಎದೆಯ ಸೆಳೆತವೂ ಹೋಗುತ್ತದೆ, ಮುಖದ ಬಣ್ಣ ಮರಳುತ್ತದೆ, ಕೂಸು ನಿಮ್ಮ ಕಣ್ಣು ನೋಡುತ್ತದೆ, ಆಟಿಕೆಗೆ ಕೈ ಚಾಚುತ್ತದೆ. ದಣಿವಿನಲ್ಲಿ ಸದ್ದು ಇಳಿದರೂ ಸೆಳೆತ ಉಳಿದಿರುತ್ತದೆ, ಅಥವಾ ಸೆಳೆಯುವ ಬಲವೂ ಇಲ್ಲದೆ ಮೈ ಸೋತಿರುತ್ತದೆ. ಮುಖ ಬಿಳಿಚಿ ಬೂದಿಬಣ್ಣಕ್ಕೆ ತಿರುಗುತ್ತದೆ, ಕರೆದರೆ ಕಣ್ಣು ತೆರೆಯದು. ಇದು ಕಂಡರೆ ಒಂದು ನಿಮಿಷವೂ ಕಳೆಯುವಂತಿಲ್ಲ.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಎಷ್ಟೋ ಮನೆಯಲ್ಲಿದೆ. 97 ತೋರಿಸುತ್ತಿದೆ ಎಂದು ನಂಬಿ ಕೂರಬೇಡಿ. ಕ್ರೂಪ್‌ನಲ್ಲಿ ಆಮ್ಲಜನಕದ ಮಟ್ಟ ತೀರ ಕೊನೆಗೆ ಬೀಳುತ್ತದೆ, ಅಲ್ಲಿಯವರೆಗೆ ಕೂಸು ಹೆಚ್ಚು ಶ್ರಮಪಟ್ಟು ಅದನ್ನು ಹಿಡಿದಿಟ್ಟಿರುತ್ತದೆ. ಅಂಕಿ ಕಡಿಮೆ ಇದ್ದರೆ ಅದು ಅಪಾಯ. ಅಂಕಿ ಚೆನ್ನಾಗಿದ್ದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. ಅಲ್ಲದೆ ದೊಡ್ಡವರ ಬೆರಳಿಗೆ ಮಾಡಿದ ಯಂತ್ರ ಇಷ್ಟು ಚಿಕ್ಕ ಬೆರಳಿನಲ್ಲಿ ಸರಿಯಾಗಿ ಓದುವುದೂ ಇಲ್ಲ.

ಉಗಿಯ ವಿಷಯ

ಉಗಿ ಕೊಟ್ಟರೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅಜ್ಜಿಯರದಷ್ಟೇ ಅಲ್ಲ. ನೂರೈವತ್ತು ವರ್ಷಕ್ಕೂ ಹಿಂದಿನಿಂದ ಯುರೋಪಿನ ಆಸ್ಪತ್ರೆಗಳಲ್ಲಿಯೂ ಕ್ರೂಪ್ ಆದ ಮಕ್ಕಳ ಮಂಚದ ಬಳಿ ಉಗಿಯ ಕೆಟಲ್ ಇಡುತ್ತಿದ್ದರು. ಆಮೇಲೆ ಮಂಜಿನ ಟೆಂಟುಗಳು ಬಂದವು. ಇದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಸರಿಯಾಗಿ ಪರೀಕ್ಷಿಸಿದ್ದು ತೀರ ತಡವಾಗಿ. 2006ರಲ್ಲಿ ಪ್ರಕಟವಾದ ಟೊರಾಂಟೊದ ಅಧ್ಯಯನದಲ್ಲಿ ಕ್ರೂಪ್ ಆದ 140 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಪೂರ್ತಿ ತೇವದ ಗಾಳಿ, ಇನ್ನೊಂದಕ್ಕೆ 40 ಶೇಕಡಾ ತೇವದ ಗಾಳಿ, ಮತ್ತೊಂದಕ್ಕೆ ಮುಖದ ಹತ್ತಿರ ಮಂಜು ಹಿಡಿಯುವ ಹಳೆಯ ಪದ್ಧತಿ ಕೊಟ್ಟು ನೋಡಿದರು. ಮೂರರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ‘ನಮ್ಮ ಮನಿಯಾಗ ಉಗಿ ಕೊಟ್ಟಾಗ ಕಡಿಮಿ ಆಗಿತ್ತಲ್ಲ’ ಎಂಬುದು ಸುಳ್ಳೇ? ಸುಳ್ಳಲ್ಲ. ಉಗಿ ಕೊಡಲು ಕೂಸನ್ನು ಎತ್ತಿ ನೆಟ್ಟಗೆ ಕೂರಿಸಿದರು, ತಾಯಿ ಅಪ್ಪಿಕೊಂಡಳು, ಕೂಸು ಅಳು ನಿಲ್ಲಿಸಿತು. ದಾರಿ ತುಸು ಬಿಟ್ಟುಕೊಂಡಿತು. ಕ್ರೂಪ್ ತಾನಾಗಿಯೂ ರಾತ್ರಿಯಲ್ಲಿ ಏರಿ, ತಾಸೆರಡು ತಾಸಿನಲ್ಲಿ ಇಳಿಯುತ್ತದೆ. ಉಗಿ ಅದೇ ಹೊತ್ತಿಗೆ ಅಲ್ಲಿತ್ತು. ತಾಯಿಯ ತೊಡೆಯ ಮೇಲಿನ ಆ ಅರ್ಧ ಗಂಟೆಯನ್ನು ಉಗಿ ಇಲ್ಲದೆಯೂ ಕೊಡಬಹುದು.

ಕೊಡದಿದ್ದರೆ ನಷ್ಟವಿಲ್ಲ, ಕೊಟ್ಟರೆ ನಷ್ಟವಿದೆ. ಸುಟ್ಟ ಗಾಯವೇ ಮೊದಲ ನಷ್ಟ. ಕುದಿಯುವ ಪಾತ್ರೆಯ ಎದುರು, ಚಾದರದೊಳಗೆ, ಉಸಿರು ಕಟ್ಟಿದ ಕೂಸು ಕೈಕಾಲು ಬಡಿಯುತ್ತದೆ. ಪಾತ್ರೆ ಮಗುಚಿದರೆ ತೊಡೆ, ಹೊಟ್ಟೆ, ಮುಖ ಬೇಯುತ್ತದೆ. ಬಚ್ಚಲಿನಲ್ಲಿ ಬಕೆಟ್‌ಗೆ ಹೀಟರ್ ರಾಡ್ ಇಳಿಬಿಟ್ಟು ಉಗಿ ಮಾಡುವವರೂ ಇದ್ದಾರೆ. ಅಲ್ಲಿ ಸುಡುವುದರ ಜೊತೆ ಕರೆಂಟಿನ ಅಪಾಯವೂ ಸೇರಿತು. ಇನ್ನೊಂದು ನಷ್ಟ ಹೊತ್ತಿನದು. ನೀರು ಕಾಯಲು ಹತ್ತು ನಿಮಿಷ, ಉಗಿಗೆ ಇಪ್ಪತ್ತು ನಿಮಿಷ, ‘ಇನ್ನೊಮ್ಮೆ ಕೊಟ್ಟು ನೋಡೋಣ’ ಎಂದು ಮತ್ತೆ ಅರ್ಧ ಗಂಟೆ. ಸುರಪುರದ ಹಳ್ಳಿಯ ಆ ಮನೆಗೆ ಆ ಒಂದು ತಾಸು ದವಾಖಾನೆಯ ಬಾಗಿಲ ತನಕದ ದಾರಿ.

ತಣ್ಣನೆಯ ಗಾಳಿಯ ವಿಷಯ ಬೇರೆ. ಜಿನೀವಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಟೆರಾಯ್ಡ್ ಕೊಟ್ಟ ಮೇಲೆ ಮಕ್ಕಳನ್ನು ಅರ್ಧ ಗಂಟೆ ಹೊರಗಿನ ಚಳಿಗಾಳಿಯಲ್ಲಿ ಇಟ್ಟಾಗ, ಕೋಣೆಯೊಳಗೆ ಇದ್ದವರಿಗಿಂತ ಬೇಗ ಲಕ್ಷಣಗಳು ಇಳಿದವು. ಆದರೆ ಅಲ್ಲಿ ಹೊರಗಿನ ತಾಪಮಾನ 10 ಡಿಗ್ರಿಗಿಂತ ಕಡಿಮೆ ಇತ್ತು. ನಮ್ಮಲ್ಲಿ ಬೀದರಿನ ಡಿಸೆಂಬರ್-ಜನವರಿಯ ಕೆಲವು ರಾತ್ರಿ ಅದರ ಹತ್ತಿರ ಹೋಗಬಹುದು. ಬೇಸಿಗೆಯ ಕಲಬುರಗಿಯಲ್ಲಿ ಅದನ್ನು ಕೇಳುವುದೇ ಬೇಡ. ಚಳಿಗಾಲದಲ್ಲಿ ಕೂಸಿಗೆ ಬೆಚ್ಚಗೆ ಹೊದಿಸಿ, ಮುಖ ತೆರೆದಿಟ್ಟು, ವಾಹನ ಬರುವವರೆಗೆ ಅಂಗಳದಲ್ಲಿ ಎತ್ತಿಕೊಂಡು ನಿಲ್ಲುವುದರಲ್ಲಿ ತಪ್ಪಿಲ್ಲ. ಅದನ್ನೇ ಔಷಧವೆಂದು ನಂಬಿ ದವಾಖಾನೆಯ ದಾರಿ ಬಿಡಬಾರದು. ಫ್ರಿಜ್ ಬಾಗಿಲು ತೆರೆದು ಅದರ ಮುಂದೆ ಹಿಡಿಯುವುದು, ಎ.ಸಿ. ಗಾಳಿಗೆ ಮುಖವೊಡ್ಡುವುದು ಆ ಪ್ರಯೋಗದಲ್ಲಿ ಮಾಡಿ ನೋಡಿದ್ದಲ್ಲ.

ಮಾಡಬಾರದ ಇನ್ನು ಕೆಲವು, ಮತ್ತು ಏಕೆ

ಚಮಚದಿಂದ ನಾಲಿಗೆ ಒತ್ತಿ ಗಂಟಲು ನೋಡಬೇಡಿ, ಬೆರಳು ಹಾಕಿ ಕಫ ತೆಗೆಯಲು ಹೋಗಬೇಡಿ. ಬಾತ ಜಾಗಕ್ಕೆ ಕೆರಳಿಕೆಯಾದರೆ ದಾರಿ ಪೂರ್ತಿ ಮುಚ್ಚಿಕೊಳ್ಳಬಹುದು.

ಧೂಪ, ಲೋಬಾನ, ಅಜವಾನದ ಹೊಗೆ, ಸೊಳ್ಳೆ ಕಾಯಿಲ್ ಇವೆಲ್ಲ ಕೋಣೆಯಿಂದ ಹೊರಗೆ. ಎಣ್ಣೆಸ್ನಾನದ ನಂತರ ಕೂಸಿಗೆ ಧೂಪ ಹಾಕುವ ರೂಢಿ ನಮ್ಮಲ್ಲಿದೆ. ಉಸಿರಿನ ತೊಂದರೆ ಇರುವ ದಿನಗಳಲ್ಲಿ ಅದನ್ನು ಖಂಡಿತ ನಿಲ್ಲಿಸಿ. ಕರ್ಪೂರ ಬೆರೆಸಿದ ಎಣ್ಣೆ, ಎದೆ-ಮೂಗಿಗೆ ಹಚ್ಚುವ ನೆಗಡಿ ಮುಲಾಮು ಎರಡು ವರ್ಷದೊಳಗಿನ ಕೂಸಿಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸುತ್ತದೆ, ಮೂಗಿನ ಬಳಿ ಹಚ್ಚಿದರೆ ಗಾಳಿದಾರಿಯನ್ನು ಕೆರಳಿಸುತ್ತದೆ.

ಹೊಟ್ಟೆಗೆ, ಎದೆಗೆ ಬರೆ ಹಾಕಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಪಕ್ಕೆ ಸೆಳೆತ ಕಂಡಾಗಲೇ ಅದು ನೆನಪಾಗುತ್ತದೆ. ಸುಟ್ಟ ಗಾಯ ಗಂಟಲೊಳಗಿನ ಬಾವನ್ನು ಕಡಿಮೆ ಮಾಡಲಾರದು. ನೋವಿಗೆ ಕೂಸು ಜೋರಾಗಿ ಅಳುತ್ತದೆ, ಉಸಿರು ಇನ್ನಷ್ಟು ಕಟ್ಟುತ್ತದೆ, ಮೇಲಾಗಿ ಗಾಯ ಕೀವಾಗುತ್ತದೆ. ಮನೆಯ ಹಿರಿಯರಿಗೆ ಇದನ್ನು ಹಗಲು ಹೊತ್ತಿನಲ್ಲೇ, ಕೂಸು ಆರಾಮಿದ್ದಾಗಲೇ ಹೇಳಿಡಿ. ನಡುರಾತ್ರಿಯ ಗಾಬರಿಯಲ್ಲಿ ವಾದ ಗೆಲ್ಲುವುದಿಲ್ಲ.

ಕೆಮ್ಮಿನ ಸಿರಪ್ ಬೇಡ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ. ಮಂಪರು ಬರಿಸುವ ಸಿರಪ್ ಇಲ್ಲಿ ಇಮ್ಮಡಿ ಕೆಟ್ಟದ್ದು. ಉಸಿರಿಗಾಗಿ ಹೆಣಗುವ ಕೂಸನ್ನು ಅದು ನಿದ್ದೆಗೆ ತಳ್ಳುತ್ತದೆ, ದಣಿವಿನ ಗುರುತನ್ನೂ ಮುಚ್ಚುತ್ತದೆ. ಅಣ್ಣನ ಉಬ್ಬಸಕ್ಕೆ ತಂದಿಟ್ಟ ನೆಬ್ಯುಲೈಜರ್‌ನಲ್ಲಿ ಸಾಲ್ಬುಟಮಾಲ್ ಹಾಕಿ ಕೊಡುವವರಿದ್ದಾರೆ. ಆ ಔಷಧ ಎದೆಯೊಳಗಿನ ಚಿಕ್ಕ ಕೊಳವೆಗಳನ್ನು ಬಿಡಿಸುತ್ತದೆ, ಗಂಟಲಿನ ಬಾವಿಗೆ ಅದು ತಾಗುವುದಿಲ್ಲ. ವ್ಯತ್ಯಾಸ ಕಿವಿಯಿಂದಲೇ ಗೊತ್ತಾಗುತ್ತದೆ. ಉಬ್ಬಸದ ಸಿಳ್ಳೆ ಉಸಿರು ಹೊರಬಿಡುವಾಗ, ಕ್ರೂಪ್‌ನ ಸದ್ದು ಒಳಗೆ ಎಳೆಯುವಾಗ.

ಕೊಡಬಹುದಾದದ್ದು ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ತೂಕದ ಲೆಕ್ಕದಲ್ಲಿ. ಕಿಲೋಗೆ 15 ಮಿಲಿಗ್ರಾಂ ಎಂದರೆ 10 ಕಿಲೋ ಕೂಸಿಗೆ 150 ಮಿಲಿಗ್ರಾಂ. ಬಾಟಲಿಯ ಮೇಲೆ ‘5 ಮಿಲೀಗೆ 125 ಮಿಲಿಗ್ರಾಂ’ ಎಂದಿದ್ದರೆ ಅದು 6 ಮಿಲೀ. ‘5 ಮಿಲೀಗೆ 250’ ಎಂದಿದ್ದರೆ 3 ಮಿಲೀ. ಎರಡೂ ಬಾಟಲಿ ನೋಡಲು ಒಂದೇ ತರಹ ಇರುತ್ತವೆ, ಆದ್ದರಿಂದ ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ. ಎರಡು ಡೋಸ್ ನಡುವೆ ಆರು ತಾಸು ಬಿಡಿ. ಉಸಿರಿನ ಸದ್ದು ಜೋರಿದ್ದರೆ ಬಾಯಿಗೆ ಏನನ್ನೂ ಒತ್ತಾಯದಿಂದ ಹಾಕಬೇಡಿ. ಆರಾಮಿದ್ದರೆ ಎದೆಹಾಲು, ನೀರು ಗುಟುಕು ಗುಟುಕಾಗಿ ಕೊಡಬಹುದು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಮೂಗಿನ ಹನಿ ಸಾಕು.

ಹೊರಡುವುದು ಹೇಗೆ

108ಕ್ಕೆ ಫೋನ್ ಮಾಡಿದಾಗ ಮೊದಲ ಮಾತೇ ‘ಹದಿನೆಂಟು ತಿಂಗಳ ಕೂಸು, ಸುಮ್ಮನಿದ್ದಾಗಲೂ ಉಸಿರಿಗೆ ಸದ್ದು, ಎದೆ ಒಳಗೆ ಸೆಳೆಯುತ್ತಿದೆ’ ಎಂದಿರಲಿ. ಆಂಬುಲೆನ್ಸ್ ತಡ ಎಂದು ಗೊತ್ತಾದರೆ ಊರಲ್ಲಿರುವ ಕಾರು, ಆಟೋ ಯಾವುದಾದರೂ ಸರಿ. ತುಟಿ ನೀಲಿ, ಎಚ್ಚರ ತಪ್ಪಿದೆ, ಬಾಯಿಯಿಂದ ಜೊಲ್ಲು ಸುರಿಯುತ್ತಿದೆ, ನುಂಗಲಾಗುತ್ತಿಲ್ಲ ಎಂಬ ಸ್ಥಿತಿಯಾದರೆ ದೊಡ್ಡ ಆಸ್ಪತ್ರೆಯನ್ನೇ ಹುಡುಕುತ್ತ ಹೋಗದೆ, ದಾರಿಯಲ್ಲಿ ಮೊದಲು ಸಿಗುವ, ರಾತ್ರಿ ತೆರೆದಿರುವ, ಆಮ್ಲಜನಕ ಇರುವ ಕಡೆ ನಿಲ್ಲಿ. ಉಳಿದಂತೆ ತಾಲ್ಲೂಕು ಆಸ್ಪತ್ರೆ, ಅಥವಾ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಹೀಗೆ ಹತ್ತಿರದ್ದು. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ರಾತ್ರಿ ತುರ್ತು ವಿಭಾಗದ ಬಾಗಿಲು ಯಾವ ಕಡೆ ಎಂದು ಹಗಲಲ್ಲಿ ಒಮ್ಮೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ದಾರಿಯಲ್ಲಿ ಕೂಸು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂತಿರಲಿ. ಕುಂಚಿಗೆ, ಶಾಲು ಸುತ್ತಿ ಮುಖ ಮುಚ್ಚಬೇಡಿ. ಮೈಗೆ ಸುತ್ತಿ, ಮೂಗು-ಬಾಯಿ ತೆರೆದಿಡಿ. ಬೈಕ್ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ, ಹಿಂದೆ ಕೂತವರು ಕೂಸಿನ ಮುಖ ತಮಗೆ ಕಾಣುವ ಹಾಗೆ ಹಿಡಿದು, ತುಟಿಯ ಬಣ್ಣವನ್ನು ಮೊಬೈಲ್ ಬೆಳಕಿನಲ್ಲಿ ನೋಡುತ್ತಿರಬೇಕು. ತಾಯಿ ಕಾರ್ಡ್ ಜೊತೆಗಿರಲಿ, ಲಸಿಕೆಯ ಪುಟ ಬೇಕಾಗುತ್ತದೆ.

ದವಾಖಾನೆಯಲ್ಲಿ ಏನು ಮಾಡುತ್ತಾರೆ

ನಮ್ಮ ಕೂಸು ಮೂರು ಗಂಟೆಗೆ ತಾಲ್ಲೂಕು ಆಸ್ಪತ್ರೆ ಮುಟ್ಟಿತು ಎಂದುಕೊಳ್ಳೋಣ. ಕೊಡಬೇಕಾದ ಮುಖ್ಯ ಔಷಧ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ಒಂದೇ ಸಲ, ಸಾಧ್ಯವಾದರೆ ಬಾಯಿಯಿಂದ. ಪ್ರಮಾಣ ಕಿಲೋಗೆ 0.15ರಿಂದ 0.6 ಮಿಲಿಗ್ರಾಂ. ಕಾಯಿಲೆ ಜೋರಿದ್ದಾಗ ಮೇಲಿನ ಪ್ರಮಾಣ ಹಿಡಿದರೆ 10 ಕಿಲೋಗೆ 6 ಮಿಲಿಗ್ರಾಂ. ಮಕ್ಕಳ ಸಿರಪ್‌ನಲ್ಲಿ ಅಷ್ಟು ಕೊಡಲು ತುಂಬಾ ಕುಡಿಸಬೇಕಾಗುತ್ತದೆ, ಆದ್ದರಿಂದ ಮಿಲೀಗೆ 4 ಮಿಲಿಗ್ರಾಂ ಇರುವ ಇಂಜೆಕ್ಷನ್ ಬಾಟಲಿಯಿಂದ ಒಂದೂವರೆ ಮಿಲೀ ತೆಗೆದು ಬಾಯಿಗೇ ಹಾಕುವುದುಂಟು. ‘ಸೂಜಿಯ ಔಷಧಿ ಬಾಯಾಗ ಹಾಕಿದ್ರು’ ಎಂದು ಗಾಬರಿಯಾಗಬೇಡಿ, ಅದು ಸರಿಯಾದ ರೀತಿ. ವಾಂತಿಯಾದರೆ ಮಾತ್ರ ಚುಚ್ಚುತ್ತಾರೆ.

ಈ ಔಷಧ ಕೂಡಲೇ ಪರಿಣಾಮ ತೋರಿಸುವುದಿಲ್ಲ. ತಾಸು-ಎರಡು ತಾಸಿನಲ್ಲಿ ಬಾವು ಇಳಿಯತೊಡಗುತ್ತದೆ, ಪರಿಣಾಮ ಒಂದೂವರೆ-ಎರಡು ದಿನ ಉಳಿಯುತ್ತದೆ. ಎರಡನೆಯ ರಾತ್ರಿಯನ್ನೂ ಅದೇ ಒಂದು ಡೋಸ್ ಕಾಯುತ್ತದೆ. ಅಲ್ಲಿಯವರೆಗೆ ಕಾಯಲಾಗದ ಕೂಸಿಗೆ ಅಡ್ರಿನಲಿನ್ ಔಷಧವನ್ನು ನೆಬ್ಯುಲೈಜರ್ ಮೂಲಕ ಕೊಡುತ್ತಾರೆ. ಇದು ಹತ್ತು-ಮೂವತ್ತು ನಿಮಿಷದಲ್ಲೇ ದಾರಿ ಬಿಡಿಸುತ್ತದೆ. ಸದ್ದು ನಿಲ್ಲುತ್ತದೆ, ಕೂಸು ನಗುತ್ತದೆ. ಆಗಲೇ ಮನೆಯವರು ‘ಆರಾಮಾತು, ಹೋಗೋಣ’ ಎನ್ನುವುದು. ಹೋಗಬಾರದು. ಅಡ್ರಿನಲಿನ್‌ನ ಬಲ ಸುಮಾರು ಎರಡು ತಾಸಿನೊಳಗೆ ಮುಗಿಯುತ್ತದೆ, ಆಗ ಸದ್ದು ಮರಳಬಹುದು. ನಾಲ್ಕು ತಾಸಿನವರೆಗಾದರೂ ಕೂತು ನೋಡಿ, ಅಷ್ಟರಲ್ಲಿ ಸ್ಟೆರಾಯ್ಡ್ ಹಿಡಿತಕ್ಕೆ ಬಂದ ಮೇಲೆ ಹೊರಡುವುದು ಸರಿ. ಮೂರಕ್ಕೆ ಮುಟ್ಟಿದ ಕೂಸು ಬೆಳಗಿನ ಏಳು-ಎಂಟಕ್ಕೆ ಮನೆಗೆ ಬರುತ್ತದೆ, ಅಡ್ರಿನಲಿನ್ ಮತ್ತೆ ಬೇಕಾದರೆ ಭರ್ತಿ ಆಗುತ್ತದೆ.

ಸಾಮಾನ್ಯ ಕ್ರೂಪ್‌ಗೆ ಎಕ್ಸ್-ರೇ ಬೇಕಿಲ್ಲ, ರಕ್ತ ಪರೀಕ್ಷೆ ಬೇಕಿಲ್ಲ, ಆ್ಯಂಟಿಬಯೋಟಿಕ್ ಬೇಕಿಲ್ಲ. ‘ಗ್ಲೂಕೋಸ್ ಹಚ್ರಿ ಸಾಹೇಬ್ರ’ ಎಂದು ನೀವೇ ಒತ್ತಾಯಿಸಬೇಡಿ. ಸೂಜಿ ಚುಚ್ಚಿ ಅಳಿಸಿದಷ್ಟೂ ಉಸಿರು ಕೆಡುತ್ತದೆ. ಡೆಕ್ಸಾಮೆಥಾಸೋನ್ ಇಷ್ಟು ಉಪಕಾರಿ ಎಂದು ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಪ್ರತಿ ಕೆಮ್ಮಿಗೂ ಕೊಡುವುದು ಇನ್ನೊಂದು ತಪ್ಪು. ಸೆಳೆತ ನೋಡಿ ತೂಕ ಅಳೆದು ಒಂದೇ ಸಲ ಕೊಡುವ ಔಷಧ ಅದು, ದಿನವೂ ನುಂಗಿಸುವುದಲ್ಲ.

ಕ್ರೂಪ್ ಅಲ್ಲದಿರಬಹುದು ಎನ್ನುವ ಗುರುತು

ನೆಗಡಿ-ಜ್ವರ ಏನೂ ಇಲ್ಲದೆ, ಹಗಲು ಆಡುತ್ತಿದ್ದಾಗ ಅಥವಾ ತಿನ್ನುತ್ತಿದ್ದಾಗ ಒಮ್ಮೆಲೇ ಕೆಮ್ಮು, ಉಸಿರು ಸದ್ದು ಶುರುವಾದರೆ ಏನೋ ಒಳಗೆ ಹೋಗಿದೆ ಎಂದೇ ತಿಳಿಯಿರಿ. ನಮ್ಮ ಭಾಗದಲ್ಲಿ ಶೇಂಗಾ, ಕಡಲೆ, ತೊಗರಿ, ಹುಣಸೆಬೀಜ ಮನೆಯ ಅಂಗಳದಲ್ಲೇ ಒಣಗುತ್ತಿರುತ್ತವೆ. ಅದು ಶ್ವಾಸನಾಳಕ್ಕೆ ಹೋದರೆ ಸ್ಟೆರಾಯ್ಡ್‌ನಿಂದ ಗುಣವಾಗದು, ಬಾಯಿಯ ಮೂಲಕ ದುರ್ಬೀನು ಇಳಿಸಿ ಹೊರಗೆ ತೆಗೆಯಬೇಕು. ಕೆಮ್ಮು ಆಮೇಲೆ ನಿಂತರೂ ತೋರಿಸಲೇಬೇಕು, ಮತ್ತು ‘ಕಾಳು ಆಡ್ಲಾಕತ್ತಿತ್ತು’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಜ್ವರ ತೀರ ಜೋರು, ಕೂಸು ಮುಂದಕ್ಕೆ ಬಾಗಿ ಗದ್ದ ಚಾಚಿ ಕೂತಿದೆ, ಜೊಲ್ಲು ಸುರಿಯುತ್ತಿದೆ, ಬೊಗಳುವ ಕೆಮ್ಮು ಇಲ್ಲ ಎಂದರೆ ಗಂಟಲಿನ ಮುಚ್ಚಳವೇ ಬಾತಿರಬಹುದು. ಆರು, ಹತ್ತು, ಹದಿನಾಲ್ಕು ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಲಸಿಕೆ ಬಂದ ಮೇಲೆ ಇದು ಅಪರೂಪವಾಗಿದೆ. ಅದೇ ಲಸಿಕೆ ಗಂಟಲಮಾರಿಯನ್ನೂ ತಡೆಯುತ್ತದೆ. ಲಸಿಕೆ ತಪ್ಪಿದ ಮಗುವಿಗೆ ಗಂಟಲಲ್ಲಿ ಬೂದುಬಿಳಿ ಪೊರೆ, ಕತ್ತು ದಪ್ಪ, ದನಿ ಕಟ್ಟುವುದು ಕಂಡರೆ ಅದು ಗಂಟಲಮಾರಿ ಇರಬಹುದು, ಅದಕ್ಕೆ ಬೇರೆಯೇ ಔಷಧ ತುರ್ತಾಗಿ ಬೇಕು. ದುಡಿಯಲು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗಿ ಬರುವ ಮನೆಗಳಲ್ಲಿ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವಿನ ಬೂಸ್ಟರ್ ತಪ್ಪುವುದು ಹೆಚ್ಚು. ತಾಯಿ ಕಾರ್ಡಿನ ಆ ಚೌಕ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ.

ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಈ ಸದ್ದು ಬಂದರೆ, ಅದು ಹಗುರವೆಂದು ಕಂಡರೂ ಅಂದೇ ತೋರಿಸಬೇಕು. ಪದೇ ಪದೇ ಕ್ರೂಪ್ ಆಗುತ್ತಿದ್ದರೆ, ನೆಗಡಿ ಇಲ್ಲದ ದಿನಗಳಲ್ಲೂ ಸದ್ದು ಇದ್ದರೆ, ಹುಟ್ಟಿದಾಗ ಗಂಟಲಿಗೆ ಟ್ಯೂಬ್ ಹಾಕಿದ್ದರೆ, ಕಿವಿ-ಮೂಗು-ಗಂಟಲಿನ ವೈದ್ಯರು ಒಳಗಿನ ದಾರಿಯನ್ನು ನೋಡಬೇಕಾಗುತ್ತದೆ.

ಮುಂದಿನ ಎರಡು ರಾತ್ರಿ

ಮನೆಗೆ ಬಂದ ಕೂಸು ಹಗಲೆಲ್ಲ ಚೆನ್ನಾಗಿರುತ್ತದೆ. ಆ ರಾತ್ರಿ ಕೂಸಿನ ಪಕ್ಕದಲ್ಲೇ ಮಲಗಿ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟುಕೊಂಡು ಕೊರಳ ಗುಳಿ ನೋಡಿ. ಮೊಬೈಲ್ ಚಾರ್ಜ್ ಆಗಿರಲಿ, ವಾಹನ ಇರುವವರಿಗೆ ಸಂಜೆಯೇ ಹೇಳಿಡಿ. ಸದ್ದು ಮರಳಿದರೆ ಹಿಂದಿನ ರಾತ್ರಿಯ ಅದೇ ಒಂದು ನಿಮಿಷದ ಪರೀಕ್ಷೆ, ಅದೇ ತೀರ್ಮಾನ. ಉಸಿರಿನ ಸದ್ದು ಸಾಮಾನ್ಯವಾಗಿ ಎರಡು ದಿನದಲ್ಲಿ ನಿಲ್ಲುತ್ತದೆ. ಕೆಮ್ಮು ವಾರದವರೆಗೂ ಇರಬಹುದು, ಬೊಗಳುವ ದನಿ ಹೋಗಿ ಮಾಮೂಲಿ ನೆಗಡಿಯ ಕೆಮ್ಮಾಗುತ್ತದೆ. ಎರಡು ದಿನ ಕಳೆದ ಮೇಲೆ ಜ್ವರ ಹೊಸದಾಗಿ ಏರಿದರೆ, ಸುಧಾರಿಸಿದ್ದ ಉಸಿರು ಮತ್ತೆ ಕೆಟ್ಟರೆ, ಕೂಸು ಮಂಕಾಗಿ ಕಂಡರೆ, ಶ್ವಾಸನಾಳಕ್ಕೆ ಬ್ಯಾಕ್ಟೀರಿಯಾದ ಸೋಂಕು ಸೇರಿರಬಹುದು. ಅದಕ್ಕೆ ಮನೆಯಲ್ಲಿ ಕಾಯುವ ಲೆಕ್ಕವಿಲ್ಲ, ಹಗಲೋ ರಾತ್ರಿಯೋ ನೋಡದೆ ಮತ್ತೆ ದವಾಖಾನೆಗೇ ಒಯ್ಯಬೇಕು.